ಬಸ್ಸು ಹೋಗಲಿ, ಆಮೇಲೆ ದಾಟಿ

ಕೂತ್ಕೊಳ್ಳಿ ಮಕ್ಕಳೇ. ಮುಖ್ಯ ಶಿಕ್ಷಕರಿಗೂ ಟೀಚರ್‌ಗಳಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನ ಸಂಚಾರ ಪೊಲೀಸ್. ಸಿಗ್ನಲ್‌ನ ಮೂರು ಬಣ್ಣ ಕೇಳ್ತಾರೆ ಅಂತ ರೆಡಿಯಾಗಿ ಕೂತಿದ್ದೀರಿ, ಗೊತ್ತು. ಕೇಳೋದಿಲ್ಲ. ಆಲ್ದೂರು ಕಡೆಯಿಂದ ಬರೋರು ಹೇಳಿ, ನೀವು ಬಸ್ಸಿಳಿಯೋ ಜಾಗದಲ್ಲಿ ಸಿಗ್ನಲ್ ಇದೆಯಾ? ಝೀಬ್ರಾ ಪಟ್ಟಿ? ಇಲ್ಲ. ತೋಟದ ಗೇಟು, ಒಂದು ತಿರುವು, ಅಷ್ಟೇ. ಇವತ್ತಿನ ಮಾತು ಅಂಥ ಜಾಗದ್ದು.

ಒಂದು ಕಥೆ ಹೇಳ್ತೀನಿ. ಹುಡುಗನ ಹೆಸರು ಪುಟ್ಟ ಅಂತಿಟ್ಕೊಳ್ಳಿ, ಆರನೇ ತರಗತಿ. ಜುಲೈ ತಿಂಗಳು, ಶನಿವಾರ, ಅರ್ಧ ದಿನದ ಸ್ಕೂಲು. ಶನಿವಾರ ಅಂದ್ರೆ ನಮ್ಮ ರಸ್ತೆಗಳಲ್ಲಿ ಪ್ರವಾಸಿಗರ ಕಾರುಗಳೂ ಜಾಸ್ತಿ. ಯಾವ ತಿರುವಲ್ಲಿ ಸ್ಟಾಪ್ ಇದೆ ಅಂತ ಅವರಿಗೇನು ಗೊತ್ತು? ಮಳೆ ಜಡಿ ಹಿಡಿದಿತ್ತು. ಪುಟ್ಟ ರೇನ್‌ಕೋಟಿನ ಟೋಪಿ ಎಳ್ಕೊಂಡು ಬಸ್ಸಿಂದ ಇಳಿದ. ರಸ್ತೆಯ ಆಚೆ ಅಜ್ಜ ಕೊಡೆ ಹಿಡಿದು ನಿಂತು, 'ಬಾರೋ ಬೇಗ' ಅಂತ ಕೈ ಬೀಸಿದ್ರು. ಪುಟ್ಟ ಬಸ್ಸಿನ ಮುಂದಿನಿಂದ ಓಡಿದ. ಅದೇ ಹೊತ್ತಿಗೆ ಹಿಂದೆ ಬರ್ತಿದ್ದ ಕಾರು ನಿಂತ ಬಸ್ಸನ್ನ ಬಲಗಡೆಯಿಂದ ದಾಟ್ತಾ ಇತ್ತು. ಬಂಪರ್ ಮೊಣಕಾಲಿನ ಕೆಳಗೆ ಬಡಿದು ಮೂಳೆ ಮುರೀತು. ಮೂರು ತಿಂಗಳು ಸ್ಕೂಲಿಲ್ಲ.

ಕಾರಿನವರು ಕುಡಿದಿದ್ರಾ? ಇಲ್ಲ. ತುಂಬಾ ಜೋರಾಗಿ ಬಂದ್ರಾ? ಗಂಟೆಗೆ 40 ಕಿಲೋಮೀಟರ್. ಲೆಕ್ಕ ಮಾಡಿ: ಆ ವೇಗಕ್ಕೆ ಕಾರು ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಓಡುತ್ತೆ. ಮಗು ಕಾಣಿಸಿ, ಕಾಲು ಬ್ರೇಕಿಗೆ ಹೋಗೋಕೇ ಒಂದು ಸೆಕೆಂಡು ಬೇಕು. ಅಂದ್ರೆ ಬ್ರೇಕ್ ಒತ್ತೋ ಮೊದಲೇ ಹೆಚ್ಚುಕಡಿಮೆ ಒಂದು ಬಸ್ಸಿನ ಉದ್ದ ಮುಗಿದುಹೋಯ್ತು. ಒಣ ರಸ್ತೆಯಲ್ಲಾದರೆ ಅಲ್ಲಿಂದ ಇನ್ನೂ ಎಂಟು ಹತ್ತು ಮೀಟರ್ ಹೋಗಿ ನಿಲ್ಲುತ್ತೆ, ಒದ್ದೆ ರಸ್ತೆಯಲ್ಲಿ ಅದಕ್ಕಿಂತ ಎಷ್ಟೋ ಮುಂದೆ. ಪುಟ್ಟ ಕಾರಿಗೆ ಕಂಡಾಗ ನಾಲ್ಕು ಮೀಟರೂ ಉಳಿದಿರಲಿಲ್ಲ.

ಹಿಂದಿನ ಬೆಂಚಿನಲ್ಲಿ ಯಾರೋ 'ಬಸ್ಸಿನ ಹಿಂದಿನಿಂದ ದಾಟಬೇಕಿತ್ತು' ಅಂದ್ರು. ಅದೂ ಬೇಡ. ಹಿಂದಿನಿಂದ ಹೋದರೆ ಎದುರಿನಿಂದ ಬರೋ ಗಾಡಿಯನ್ನ ಅದೇ ಬಸ್ಸು ಮುಚ್ಚುತ್ತೆ. ಮುಂದೆ ತೀರಾ ಹತ್ತಿರ ನಿಂತರೆ, ಎತ್ತರದಲ್ಲಿ ಕೂತ ಬಸ್ ಡ್ರೈವರಿಗೇ ನಿಮ್ಮ ತಲೆ ಕಾಣದೆ ಇರಬಹುದು.

ಅದಕ್ಕೇ ಮೊದಲನೇ ನಿಯಮ: ಬಸ್ಸು ಹೋಗಲಿ, ಆಮೇಲೆ ದಾಟಿ. ಇಳಿದ ತಕ್ಷಣ ಡಾಂಬರು ಬಿಟ್ಟು ಮಣ್ಣಿಗೆ ಬನ್ನಿ. ಕಂಡಕ್ಟರ್ 'ರೈಟ್' ಅಂದ ಕೂಡಲೇ ನುಗ್ಗಬೇಡಿ, ಬಸ್ಸು ದೂರ ಹೋಗಿ ರಸ್ತೆ ಎರಡೂ ಕಡೆ ಬಯಲಾಗಿ ಕಾಣಬೇಕು. ತಿರುವಿನಲ್ಲಿ ಕಾಣೋದೇ ಇಲ್ಲ ಅಂದ್ರೆ ನೇರ ಇರೋ ಕಡೆಗೆ ನಡೆದು ಹೋಗಿ ದಾಟಿ. ರೇನ್‌ಕೋಟಿನ ಟೋಪಿ ಹಿಂದಕ್ಕೆ ಸರಿಸಿ. ನೀವು ಕತ್ತು ತಿರುಗಿಸಿದ್ರೂ ಟೋಪಿ ತಿರುಗಲ್ಲ, ಅದರ ಒಳಮೈ ಅಷ್ಟೇ ಕಾಣುತ್ತೆ. ತಲೆ ನೆನೆದರೆ ಟವೆಲ್ ಇದೆ. ಕೊಡೆ ಮುಂದಕ್ಕೆ ವಾಲಿಸಿದ್ರೂ ಇದೇ ತೊಂದರೆ. ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ. ಓಡಬೇಡಿ, ಒದ್ದೆಯಲ್ಲಿ ಜಾರ್ತೀರಿ. ಇವತ್ತು ಮನೆಗೆ ಹೋಗಿ ಅಜ್ಜ ಅಜ್ಜಿಗೆ ಹೇಳಿ: ಕರ್ಕೊಂಡು ಹೋಗೋಕೆ ಬಂದ್ರೆ ಬಸ್ಸು ನಿಲ್ಲೋ ಕಡೆಯೇ ನಿಂತಿರಿ, ಆಚೆ ನಿಂತು ಕರೀಬೇಡಿ ಅಂತ.

ಕಥೆ ಇನ್ನೂ ಸ್ವಲ್ಪ ಇದೆ. ಕಾಲು ಸರಿಹೋದ ಮೇಲೆ ಪುಟ್ಟ, ಅಜ್ಜ ಇಬ್ಬರೂ ರಸ್ತೆಯ ಎಡಬದಿಯಲ್ಲಿ ಜೊತೆಜೊತೆಯಾಗಿ ನಡೀತಿದ್ರು. ಹಿಂದಿನಿಂದ ಬಂದ ಪಿಕಪ್ ಗಾಡಿಯ ಕನ್ನಡಿ ತಾಗಿ ಕೊಡೆ ಚರಂಡಿಗೆ ಬಿತ್ತು. ಪುಣ್ಯಕ್ಕೆ ಅಜ್ಜ ಬೀಳಲಿಲ್ಲ. ನಗಿ, ಪರವಾಗಿಲ್ಲ, ಅಜ್ಜನೂ ನಕ್ಕರಂತೆ.

ಎರಡನೇ ನಿಯಮ ಇದಕ್ಕೇ: ಫುಟ್‌ಪಾತ್ ಇಲ್ಲದ ಕಡೆ ಬಲಬದಿಯಲ್ಲಿ ನಡೀರಿ. ಆಗ ನಿಮ್ಮ ಪಕ್ಕದಲ್ಲಿ ಹೋಗೋ ಗಾಡಿ ಎದುರಿನಿಂದಲೇ ಬರುತ್ತೆ, ಕಣ್ಣಿಗೆ ಕಾಣುತ್ತೆ, ಬದಿಗೆ ಸರಿಯೋಕೆ ಹೊತ್ತು ಸಿಗುತ್ತೆ. ಒಬ್ಬರ ಹಿಂದೆ ಒಬ್ಬರು ಹೋಗಿ. ಕೈ ಹಿಡಿಯೋ ಅಷ್ಟು ಚಿಕ್ಕ ತಮ್ಮ ತಂಗಿ ಇದ್ರೆ ಅವರು ಮಣ್ಣಿನ ಕಡೆ, ನೀವು ಡಾಂಬರಿನ ಕಡೆ. ಬಲಕ್ಕೆ ತಿರುಗೋ ಕುರುಡು ತಿರುವು ಬಂದ್ರೆ ಮಾತ್ರ ಜಾಗ್ರತೆ. ಒಳಮಗ್ಗುಲಲ್ಲಿ ದರೆ ಅಡ್ಡ ಇರುತ್ತೆ, ಗಾಡಿಯವರಿಗೆ ನೀವು ಕಾಣಲ್ಲ. ತಿರುವಿಗೆ ಮುಂಚೆಯೇ ಎಡಕ್ಕೆ ದಾಟಿ, ತಿರುವು ಮುಗಿದ ಮೇಲೆ ವಾಪಸ್ ಬನ್ನಿ.

ಹೆಲ್ಮೆಟ್ ಬಗ್ಗೆ ಒಂದೇ ಮಾತು: ಕಾನೂನಿನಲ್ಲಿ ನಾಲ್ಕು ವರ್ಷ ದಾಟಿದವರಿಗೆಲ್ಲ ಬೇಕು, ಇಲ್ಲಿ ಕೂತವರೆಲ್ಲ ದಾಟಿದ್ದೀರಿ.

ಈಗ ಎದ್ದು ಮೈದಾನಕ್ಕೆ ನಡೀರಿ. ಸುಣ್ಣದಲ್ಲಿ ರಸ್ತೆ ಬರೆದಿದ್ದೀವಿ, ಶಾಲೆಯ ವ್ಯಾನೇ ಬಸ್ಸು. ಆರನೇ ತರಗತಿಯವರು ಮೊದಲು, ರೇನ್‌ಕೋಟ್ ಹಾಕ್ಕೊಂಡು ಬನ್ನಿ.