98ರ ಬ್ಯಾಚ್ ಗೆಳೆಯರಿಗೆ

ಎಲ್ಲರಿಗೂ ನಮಸ್ಕಾರ. ಇವತ್ತು ರಾತ್ರಿ ಈ ಗ್ರೂಪಿನಿಂದ ಹೊರಡುತ್ತಿದ್ದೇನೆ. ಸುಮ್ನೆ ಎಕ್ಸಿಟ್ ಆದರೆ ವಾಟ್ಸ್ಆ್ಯಪ್ ಅಡ್ಮಿನ್‌ಗಳಿಗೆ ಮಾತ್ರ ತಿಳಿಸುತ್ತದೆ. ಒಂಬತ್ತು ವರ್ಷ ಜೊತೆಗಿದ್ದು ಹಾಗೆ ಹೋಗೋಕೆ ಮನಸ್ಸು ಬರಲಿಲ್ಲ.

ಯಾರ ಮೇಲೂ ಬೇಜಾರಿಲ್ಲ. ಕಳೆದ ವಾರದ ರಾಜಕೀಯದ ಜಗಳಕ್ಕೂ ಇದಕ್ಕೂ ಸಂಬಂಧವಿಲ್ಲ, ಅದನ್ನು ನಾನು ಪೂರ್ತಿ ಓದಿಯೂ ಇಲ್ಲ! 240 ಜನರ ಮಾತು ಹಿಂಬಾಲಿಸುವಷ್ಟು ಪುರುಸೊತ್ತು ಈಗ ಇಲ್ಲ, ಅಷ್ಟೇ.

ಈ ಗ್ರೂಪ್ ಕೊಟ್ಟಿದ್ದು ಕಡಿಮೆಯೇನಲ್ಲ. ಅಪ್ಪನಿಗೆ ಆಪರೇಷನ್ ಆದಾಗ ರಾತ್ರಿ ಹನ್ನೊಂದಕ್ಕೆ ರಕ್ತ ಬೇಕು ಅಂತ ಹಾಕಿದ್ದೆ. ಅರ್ಧ ಗಂಟೆಯಲ್ಲಿ ಮೂವರು ಆಸ್ಪತ್ರೆ ಬಾಗಿಲಲ್ಲಿದ್ದರು. ಅದರಲ್ಲಿ ಒಬ್ಬನ ಜೊತೆ ಕಾಲೇಜಿನಲ್ಲಿ ನಾನು ಮಾತೇ ಆಡಿರಲಿಲ್ಲ. ಅವನಿಗೆ ಗೊತ್ತು, ಯಾರು ಅಂತ.

ಡಿಸೆಂಬರ್ ಭೇಟಿಗೆ ನನ್ನ ಪಾಲಿನ ದುಡ್ಡು ಕಳಿಸಿಯಾಗಿದೆ, ಖಂಡಿತ ಬರುತ್ತೇನೆ. ಹಾಸ್ಟೆಲ್ ಫೋಟೋಗಳನ್ನೆಲ್ಲ ಅಡ್ಮಿನ್‌ಗೆ ಕೊಟ್ಟಿದ್ದೇನೆ. ನಂಬರ್ ಹಳೆಯದೇ. ದಾವಣಗೆರೆ ಕಡೆ ಬಂದರೆ ಫೋನ್ ಮಾಡಿ, ಬೆಣ್ಣೆ ದೋಸೆ ನನ್ನ ಲೆಕ್ಕ.

ದಯವಿಟ್ಟು ಮತ್ತೆ ಸೇರಿಸಬೇಡಿ. ಬರ್ತೀನಿ.

ಕೊನೇ ಬೆಂಚಿನ ಉದ್ದಣ್ಣ