ಮೂಲೆ ಮೆಡಿಕಲ್, ಬಿಜೈ: ಸ್ಮಾರ್ಟ್ ಸ್ಪೀಕರಿಗೆ ಹದಿನೈದು ಸೆಕೆಂಡಿನ ಜಾಹೀರಾತು (ರೆಕಾರ್ಡಿಂಗ್ ಪ್ರತಿ)

ಸ್ಟುಡಿಯೊಗೆ, ದನಿ ಕೊಡುವವರಿಗೆ, ಅಂಗಡಿಯ ಮಾಲೀಕರಿಗೆ ಮೂವರಿಗೂ ಇದೇ ಒಂದು ಪ್ರತಿ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಹಂಪನಕಟ್ಟೆಯಲ್ಲಿ ರೆಕಾರ್ಡಿಂಗ್. ಒಟ್ಟು ಐದು ತುಂಡು, ಜೊತೆಗೆ ಒಂದು ಗಿಡ್ಡ ತುಂಡು.

ಅಂಗಡಿಯ ಬೋರ್ಡಿನಲ್ಲಿ ಇರುವ ಹೆಸರು ಬೇರೆ. ಆದರೆ ಆ ಹೆಸರು ಹೇಳಿದರೆ ಬಿಜೈಯಲ್ಲಿ ಆಟೋದವರಿಗೂ ಗೊತ್ತಾಗುವುದಿಲ್ಲ. ಎಲ್ಲರೂ ಹೇಳುವುದು ಮೂಲೆ ಮೆಡಿಕಲ್. ಹಾಗಾಗಿ ಜಾಹೀರಾತಿನಲ್ಲೂ ಅದೇ.

ತುಂಡು 1: ಮಳೆ (ಮುಖ್ಯ ಜಾಹೀರಾತು)

ಸದ್ದು: ಹಂಚಿನ ಮಾಡಿನ ಮೇಲೆ ಮಳೆ. ಒಂದು ಸೆಕೆಂಡ್ ಪೂರ್ತಿ, ಆಮೇಲೆ ಮಾತಿನ ಅಡಿಯಲ್ಲಿ ಸಣ್ಣಗೆ.

ಅಜ್ಜಿ: ಬಿಪಿ ಮಾತ್ರೆ ಮುಗೀತು ಮಾರಾಯ. ಈ ಮಳೆಗೆ ಯಾರು ಹೋಗುವುದು?

ಹೆಂಗಸಿನ ದನಿ: ಯಾರೂ ಹೋಗುವುದು ಬೇಡ ಅಮ್ಮ. ಡಾಕ್ಟರ ಚೀಟಿಯ ಫೋಟೊ ವಾಟ್ಸಾಪ್ ಮಾಡಿ. ಮದ್ದು ಮನೆಗೇ ಬರ್ತದೆ. ಬಿಜೈಯ ಮೂಲೆ ಮೆಡಿಕಲ್. ನಂಬರ್ ನಿಮ್ಮ ಮದ್ದಿನ ಕವರಿನ ಮೇಲೆಯೇ ಉಂಟು.

ಸದ್ದು: ಸ್ಕೂಟರಿನ ಸ್ಟ್ಯಾಂಡ್ ಹಾಕಿದ ಶಬ್ದ. ಅಲ್ಲಿಗೆ ನಿಲ್ಲಿಸಿ.

ಇದರಲ್ಲಿ ಇಪ್ಪತ್ತೊಂಬತ್ತು ಪದ ಇದೆ. ಕನ್ನಡವನ್ನು ಮನುಷ್ಯರು ಮಾತಾಡುವ ಹಾಗೆ ಮಾತಾಡಿದರೆ ಹದಿನೈದು ಸೆಕೆಂಡಿಗೆ ಇಷ್ಟೇ ಹಿಡಿಯುವುದು. ಇನ್ನೆರಡು ಪದ ತುರುಕಿದರೂ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗಿದ ಹಾಗೆ ಆಗುತ್ತದೆ.

ಮಾಲೀಕರು ಎರಡು ಸಲ ಕೇಳಿದ್ದರು, ಫೋನ್ ನಂಬರ್ ಯಾಕೆ ಹೇಳುವುದಿಲ್ಲ ಅಂತ. ಹತ್ತು ಅಂಕಿಯನ್ನು ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರೆ ಐದಾರು ಸೆಕೆಂಡ್ ಅಲ್ಲೇ ಹೋಯಿತು. ಕೇಳುವವರ ಕೈಯಲ್ಲಿ ಪೆನ್ ಇರುವುದಿಲ್ಲ, ಕೈಯಲ್ಲಿ ಮೀನಿನ ಮಸಾಲೆ ಇರುತ್ತದೆ. ಸ್ಪೀಕರಿಗೆ ಸ್ಕ್ರೀನ್ ಬೇರೆ ಇಲ್ಲ, ತಿರುಗಿ ನೋಡುವ ಹಾಗಿಲ್ಲ. ಅದೇ ಅಂಗಡಿಯ ಖಾಕಿ ಕವರ್ ಈ ಸುತ್ತಿನ ಮನೆಗಳಲ್ಲಿ ಫ್ರಿಜ್ಜಿನ ಮೇಲೋ ಟಿವಿಯ ಪಕ್ಕವೋ ಒಂದಾದರೂ ಬಿದ್ದಿರುತ್ತದೆ. ಒಳಗೆ ಅರ್ಧ ತೆಗೆದ ಮಾತ್ರೆಯ ಶೀಟು, ಹೊರಗೆ ಬೆಳಿಗ್ಗೆ ಒಂದು ರಾತ್ರಿ ಒಂದು ಅಂತ ಬಾಲ್‌ಪೆನ್ನಿನಲ್ಲಿ ಬರೆದದ್ದು, ಅದರ ಕೆಳಗೆ ನಂಬರ್. ಆ ಕವರಿನ ಕಡೆಗೆ ಕೈ ತೋರಿಸಿದರೆ ಸಾಕು. ಈ ಜಾಹೀರಾತಿನ ಕೆಲಸ ಅಷ್ಟೇ.

ಒಂದೇ ಬೇಡಿಕೆ: ಮುಂದಿನ ಸಲ ಕವರ್ ಪ್ರಿಂಟ್ ಮಾಡಿಸುವಾಗ ನಂಬರನ್ನು ಎರಡು ಪಟ್ಟು ದೊಡ್ಡದು ಮಾಡಿಸಿ. ಈಗಿನದ್ದನ್ನು ನಾನೇ ಕನ್ನಡಕ ಹಾಕಿ ಓದಬೇಕಾಯಿತು.

ಅಜ್ಜಿಯ ದನಿ ಮಾಲೀಕರ ತಾಯಿಯವರದೇ. ಅವರ ಕೈಗೆ ಕಾಗದ ಕೊಡಬೇಡಿ, ಬಾಯಲ್ಲಿ ಹೇಳಿಕೊಡಿ. ಮೊನ್ನೆ ಅಂಗಡಿಯಲ್ಲಿ ಸುಮ್ನೆ ಒಂದು ಸಲ ಹೇಳಿದಾಗ ‘ಮಾರಾಯ’ ಅನ್ನುವುದನ್ನು ಎಳೆದು, ಸ್ವಲ್ಪ ಬೇಜಾರು ಸೇರಿಸಿ ಹೇಳಿದರು. ಅದೇ ಬೇಕು. ಕಾಗದ ನೋಡಿ ಓದಿದಾಗ ಶಾಲೆಯ ಪ್ರಾರ್ಥನೆ ಆಗಿಬಿಟ್ಟಿತು.

ಇನ್ನೊಂದು, ಇದು ತಮಾಷೆಯಲ್ಲ. ‘ಮೂಲೆ’ಯ ಲ ಸ್ಪಷ್ಟ ಬರಬೇಕು. ಸಣ್ಣ ಸ್ಪೀಕರಿನಲ್ಲಿ ಅದು ‘ಮೂಳೆ’ ಅಂತ ಕೇಳಿದರೆ ಮರುದಿನವೇ ಸೊಂಟನೋವಿನವರೆಲ್ಲ ಫೋನ್ ಮಾಡುತ್ತಾರೆ.

ತುಂಡು 2: ಬೆಳಗಿನ ತಿಂಡಿ (ಬೆಳಿಗ್ಗೆ ಏಳರಿಂದ ಒಂಬತ್ತು)

ಸದ್ದು: ಕಾದ ಕಾವಲಿಗೆ ನೀರುದೋಸೆಯ ಹಿಟ್ಟು ಬಿದ್ದ ಚುಂಯ್.

ಹೆಂಗಸಿನ ದನಿ: ತಿಂಡಿ ಆಯ್ತಾ? ಮಾತ್ರೆ? ಡಬ್ಬಿಯಲ್ಲಿ ಎಷ್ಟು ಉಳಿದಿದೆ, ಒಮ್ಮೆ ಎಣಿಸಿ. ಐದೇ ಉಂಟಾ? ಹಾಗಾದರೆ ಇವತ್ತೇ ಚೀಟಿ ವಾಟ್ಸಾಪ್ ಮಾಡಿ. ಮೂಲೆ ಮೆಡಿಕಲ್, ಮದ್ದು ಮನೆಗೇ. ನಂಬರ್ ಮದ್ದಿನ ಕವರಿನಲ್ಲಿ.

‘ಎಣಿಸಿ’ ಆದ ಮೇಲೆ ಪೂರ್ತಿ ಒಂದು ಸೆಕೆಂಡ್ ಖಾಲಿ ಬಿಡಿ. ಎಡಿಟಿಂಗಿನವರಿಗೆ ಖಾಲಿ ಕಂಡರೆ ಕೈ ತುರಿಸುತ್ತದೆ, ಗೊತ್ತು. ಆದರೆ ಅಷ್ಟು ಹೊತ್ತಿನಲ್ಲೇ ಕೇಳುವವರ ಕಣ್ಣು ಡಬ್ಬಿಯ ಕಡೆ ಹೋಗುವುದು.

ಹಿಂದೆ ಚೆಂಡೆ ಬೇಡ. ಮಂಗಳೂರಿನ ಜಾಹೀರಾತು ಅಂದರೆ ಚೆಂಡೆ ಹೊಡೆಯಲೇಬೇಕು ಅಂತ ಯಾರು ಹೇಳಿದ್ದೋ. ಅಂಗೈಯಷ್ಟಿರುವ ಸ್ಪೀಕರಿನಲ್ಲಿ ಅದು ತಗಡು ಬಡಿದ ಹಾಗೆ ಕೇಳುತ್ತದೆ, ಮಾತು ಅಡಿಗೆ ಹೋಗುತ್ತದೆ. ಅಡುಗೆಮನೆಯ ಮಿಕ್ಸಿಯ ಜೊತೆ ಪೈಪೋಟಿ ಮಾಡುವುದೇ ಕಷ್ಟ.

ತುಂಡು 3: ಊರಲ್ಲಿ ಅಪ್ಪ (ರಾತ್ರಿ ಎಂಟರ ಮೇಲೆ, ಬೆಂಗಳೂರಿನಲ್ಲಿ ಕೇಳುವವರಿಗೆ)

ಮಗಳು: ಅಪ್ಪ, ಮದ್ದು ತಂದ್ರಾ?

ಅಪ್ಪ: ನಾಳೆ ತರ್ತೇನೆ ಮಗಾ.

ಮಗಳು: ನಿನ್ನೆಯೂ ನಾಳೆಯೇ ಹೇಳಿದ್ದು!

ಹೆಂಗಸಿನ ದನಿ: ಅಪ್ಪ ಉರ್ವದಲ್ಲಿ, ನೀವು ಬೆಂಗಳೂರಲ್ಲಿ. ಚೀಟಿಯ ಫೋಟೊ ನೀವೇ ಕಳಿಸಿ, ಹಣವೂ ಅಲ್ಲಿಂದಲೇ. ಮದ್ದು ಅಪ್ಪನ ಬಾಗಿಲಿಗೆ. ಬಿಜೈಯ ಮೂಲೆ ಮೆಡಿಕಲ್, ಮಂಗಳೂರು.

ನನಗೆ ಜಾಸ್ತಿ ನಂಬಿಕೆ ಇರುವುದು ಇದರ ಮೇಲೆ. ಅಪ್ಪನ ದನಿಗೆ ವಯಸ್ಸಾಗಿರಲಿ, ಆದರೆ ಕಾಯಿಲೆಯವರ ದನಿ ಬೇಡ. ಆರೋಗ್ಯವಾಗಿದ್ದಾರೆ, ಮೆಟ್ಟಿಲು ಇಳಿಯಲು ಉದಾಸೀನ, ಅಷ್ಟೇ. ಕೆಮ್ಮು ಸೇರಿಸಬೇಡಿ. ದೂರದಲ್ಲಿರುವ ಮಕ್ಕಳನ್ನು ಹೆದರಿಸಿ ಮಾತ್ರೆ ಮಾರುವುದು ಬೇಡ ಅಂತ ಮಾಲೀಕರೂ ಹೇಳಿದ್ದಾರೆ.

ಇದರಲ್ಲಿ ಕವರಿನ ಮಾತು ಬೇಕೆಂದೇ ಬಿಟ್ಟದ್ದು, ಬೆಂಗಳೂರಿನ ಮನೆಯಲ್ಲಿ ನಮ್ಮ ಕವರ್ ಎಲ್ಲಿಂದ ಬರಬೇಕು? ಕೊನೆಗೆ ಊರಿನ ಹೆಸರನ್ನು ಒತ್ತಿ ಹೇಳಿ. ಹುಡುಕಿದವರಿಗೆ ಮ್ಯಾಪಿನಲ್ಲಿ ಸಿಗಬೇಕು. ಮ್ಯಾಪಿನಲ್ಲಿ ಬೋರ್ಡಿನ ಹೆಸರಿನ ಜೊತೆ ‘ಮೂಲೆ ಮೆಡಿಕಲ್’ ಅಂತಲೂ ಹಾಕಿಸುವ ಕೆಲಸ ಮಾಲೀಕರ ಮಗನಿಗೆ ಬಿಟ್ಟದ್ದು. ಅದು ಆಗದೆ ಈ ತುಂಡು ಓಡಿಸಬೇಡಿ.

ತುಂಡು 4: ತಂಪಿನ ಮದ್ದು (ಮಾರ್ಚ್, ಏಪ್ರಿಲ್, ಮೇ)

ಸದ್ದು: ಫ್ಯಾನಿನ ಗರಗರ.

ಹೆಂಗಸಿನ ದನಿ: ಎಂತ ಸೆಕೆ ಅಲ್ವಾ? ಫ್ರಿಜ್ಜಿನಲ್ಲಿ ಇಡುವ ಮದ್ದನ್ನು ಬಿಸಿಲಲ್ಲಿ ಹೊತ್ತು ತರಬೇಡಿ. ನಾವು ತಂಪು ಡಬ್ಬಿಯಲ್ಲೇ ಮನೆಗೆ ತರ್ತೇವೆ. ಡಾಕ್ಟರ ಚೀಟಿ ಇದ್ದರೆ ಸಾಕು. ಮೂಲೆ ಮೆಡಿಕಲ್, ಬಿಜೈ. ನಂಬರ್ ಕವರಿನ ಮೇಲೆ.

ಇನ್ಸುಲಿನ್ ಅಂತ ಹೆಸರು ಹೇಳಿಲ್ಲ. ಬಳಸುವವರಿಗೆ ಹೇಳದೆಯೂ ಗೊತ್ತಾಗುತ್ತದೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು, ಹೆಪ್ಪುಗಟ್ಟಲೂ ಬಾರದು. ಡೆಲಿವರಿಯ ಹುಡುಗರಿಗೆ ಇದನ್ನು ಮತ್ತೊಮ್ಮೆ ಹೇಳಿ: ಐಸ್ ಪ್ಯಾಕ್ ಮದ್ದಿಗೆ ನೇರ ತಾಗಬಾರದು, ನಡುವೆ ಬಟ್ಟೆಯೋ ದಪ್ಪ ಕಾಗದವೋ ಇರಲಿ. ಜಾಹೀರಾತಿನಲ್ಲಿ ತಂಪು ಡಬ್ಬಿ ಅಂದ ಮೇಲೆ ಬಾಗಿಲಿಗೂ ತಂಪಾಗಿಯೇ ಬರಬೇಕಲ್ವಾ.

ಮಾಲೀಕರ ತಮ್ಮನವರು ಇಲ್ಲಿಗೆ ‘ಶುಗರ್ ಹತೋಟಿಗೆ ನಾವಿದ್ದೇವೆ’ ಅಂತ ಸೇರಿಸಲು ಕೇಳಿದ್ದರು. ಆಗುವುದಿಲ್ಲ. ಸಕ್ಕರೆ ಕಾಯಿಲೆ ಮುಂತಾದವುಗಳಿಗೆ ಮದ್ದಿನ ಹೆಸರಿನಲ್ಲಿ ಜಾಹೀರಾತು ಕೊಡುವುದಕ್ಕೆ 1954ರ ಕಾನೂನಿನಲ್ಲೇ ತಡೆ ಇದೆ. ನಾವು ಮಾರುತ್ತಿರುವುದು ಮನೆಗೆ ತಲುಪಿಸುವ ಕೆಲಸ, ಕಾಯಿಲೆ ವಾಸಿ ಮಾಡುವ ಮಾತಲ್ಲ. ಯಾವ ಮಾತ್ರೆಯ ಬ್ರ್ಯಾಂಡಿನ ಹೆಸರೂ ಯಾವ ತುಂಡಿನಲ್ಲೂ ಇಲ್ಲ. ಸ್ಟುಡಿಯೊದಲ್ಲಿ ಹುಮ್ಮಸ್ಸಿಗೆ ಯಾರೂ ಸೇರಿಸಬೇಡಿ. ಚೀಟಿ ಅನ್ನುವ ಪದವನ್ನೂ ಎಲ್ಲೂ ನುಂಗಬೇಡಿ. ಎಚ್ ಶೆಡ್ಯೂಲಿನ ಮದ್ದು ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗೇ ಇಲ್ಲ. ಚೀಟಿ ಬೇಡ ಅಂತ ಕೇಳಿಸಿಕೊಂಡು ಯಾರಾದರೂ ಜಗಳಕ್ಕೆ ಬಂದರೆ ಕೌಂಟರಿನಲ್ಲಿ ನಿಲ್ಲುವವರಿಗೆ ತಲೆಬಿಸಿ.

‘ಉಡುಪಿವರೆಗೂ’ ಅನ್ನುವುದನ್ನೂ ತೆಗೆದಿದ್ದೇನೆ. 2020ರ ಮಾರ್ಚಿನಲ್ಲಿ, ಕೋವಿಡ್ ಹೊತ್ತಿನಲ್ಲಿ, ಅಂಗಡಿಯಿಂದ ಮನೆಗೆ ಮದ್ದು ತಲುಪಿಸಲು ಕೇಂದ್ರ ಸರ್ಕಾರ ಬಿಟ್ಟಾಗಲೂ ಅದೇ ಕಂದಾಯ ಜಿಲ್ಲೆಯೊಳಗೆ ಅಂತಲೇ ಹೇಳಿತ್ತು. ಉಡುಪಿ 1997ರಿಂದ ಬೇರೆ ಜಿಲ್ಲೆ. ಅದೆಲ್ಲ ಬಿಡಿ, ಇರುವುದು ಎರಡು ಸ್ಕೂಟರ್. ಬಿಜೈ, ಕದ್ರಿ, ಉರ್ವ, ಕೊಟ್ಟಾರ, ಬೋಂದೆಲ್ ಮುಟ್ಟಿ ಬರುವಷ್ಟರಲ್ಲೇ ಹುಡುಗರು ಸುಸ್ತು.

ತುಂಡು 5: ಹಳದಿ ಚೀಟಿ (ಶನಿವಾರ ಸಂಜೆ ಮಾತ್ರ)

ಸದ್ದು: ಪೇಪರ್ ಬಿಡಿಸುವ ಸದ್ದು.

ಹೆಂಗಸಿನ ದನಿ: ನಾಳೆ ಬೆಳಿಗ್ಗೆ ಪೇಪರಿನ ಒಳಗೆ ಒಂದು ಹಳದಿ ಚೀಟಿ ಇರ್ತದೆ. ಬಿಸಾಡಬೇಡಿ, ಫ್ರಿಜ್ಜಿಗೆ ಅಂಟಿಸಿ. ಮದ್ದು ಬೇಕಾದಾಗ ಅದರಲ್ಲಿರುವ ನಂಬರಿಗೆ ಡಾಕ್ಟರ ಚೀಟಿ ಕಳಿಸಿದರಾಯ್ತು, ಮನೆಗೇ ತರ್ತೇವೆ. ಮೂಲೆ ಮೆಡಿಕಲ್, ಬಿಜೈ.

ನಮ್ಮ ಕವರ್ ಇಲ್ಲದ ಹೊಸ ಮನೆಗಳಿಗೆ ಇದು. ಪೇಪರ್ ಹಾಕುವವರ ಹತ್ತಿರ ಚೀಟಿ ಶನಿವಾರ ಮಧ್ಯಾಹ್ನವೇ ತಲುಪಿರಬೇಕು. ತಲುಪದಿದ್ದರೆ ಅವತ್ತು ಸಂಜೆ ಈ ತುಂಡು ನಿಲ್ಲಿಸಿ, ಒಂದನೆಯದನ್ನೇ ಹಾಕಿ.

ಎಲ್ಲಾ ತುಂಡುಗಳಿಗೂ ಎರಡು ಮಾತು. ಸ್ಪೀಕರನ್ನು ಎಬ್ಬಿಸುವ ಹೆಸರು ಯಾರ ಬಾಯಲ್ಲೂ ಬರಬಾರದು, ತಮಾಷೆಗೂ. 2017ರಲ್ಲಿ ಅಮೆರಿಕದ ಒಂದು ಟಿವಿ ಜಾಹೀರಾತು, ಅದೂ ಹದಿನೈದು ಸೆಕೆಂಡಿನದೇ, ಬೇಕೆಂದೇ ಹಾಗೆ ಕರೆದು ಜನರ ಮನೆಯ ಸ್ಪೀಕರುಗಳನ್ನು ಮಾತಾಡಿಸಿತ್ತು. ಜನರಿಂದ ಬೈಗುಳವೂ ತಿಂದಿತು.

ಎರಡನೆಯದು ಕಾಲಿಂಗ್ ಬೆಲ್. ಮೊದಲನೇ ತುಂಡಿನ ಕೊನೆಗೆ ಮೊದಲು ನಾನು ಬರೆದದ್ದು ಬೆಲ್ಲಿನ ಸದ್ದು. ನನ್ನ ಮನೆಯಲ್ಲೇ ಹಾಕಿ ಕೇಳಿದೆವು. ಅತ್ತೆ ಒದ್ದೆ ಕೈ ಒರೆಸಿಕೊಂಡು ಹೋಗಿ ಬಾಗಿಲು ತೆರೆದು, ಹೊರಗೆ ಯಾರೂ ಇಲ್ಲದ್ದು ನೋಡಿ, ವಾಪಸು ಬಂದು ನನ್ನ ಮುಖ ನೋಡಿದರು. ಅವತ್ತೇ ಬೆಲ್ ತೆಗೆದು ಸ್ಕೂಟರಿನ ಸ್ಟ್ಯಾಂಡ್ ಹಾಕಿದ್ದು.

ಮಳೆಯ ತುಂಡನ್ನು ಮೇ ಕೊನೆಯಿಂದಲೇ ಶುರು ಮಾಡಿ. ಜೂನ್‌ನಲ್ಲಿ ಮಳೆ ಗಟ್ಟಿಯಾಗಿ ಹಿಡಿದ ಮೇಲೆ ಕರೆಂಟು ಹೋಗುತ್ತದೆ, ಸ್ಪೀಕರೂ ಮಲಗುತ್ತದೆ. ಅಷ್ಟರೊಳಗೆ ಮಾತು ಕಿವಿಗೆ ಬಿದ್ದಿರಬೇಕು.

ಗಿಡ್ಡ ತುಂಡು: ಏಳು ಸೆಕೆಂಡ್ (ಜಾಗ ಸಾಲದಿದ್ದರೆ)

ಅಜ್ಜಿ: ಮದ್ದು ಬಂತಾ?

ಹುಡುಗ: ಬಂತು ಅಮ್ಮ, ಮೂಲೆ ಮೆಡಿಕಲ್‌ನಿಂದ. ಚೀಟಿ ತೋರಿಸ್ತೀರಾ?

ಅಜ್ಜಿ: ಒಳಗೆ ಬಾ, ಒದ್ದೆಯಾಗ್ತೀಯ.