ಶೋಭಕ್ಕನಿಗೆ, ಧನುಷ್ ಟ್ಯೂಷನ್ ವಿಚಾರ

ಶೋಭಕ್ಕ, ನಿನ್ನೆ ಗೇಟ್ ಹತ್ರ ಧನುಷ್‌ಗೆ ದಿನಾ ಸಂಜೆ ಆರೂವರೆಯಿಂದ ಗಣಿತ ಹೇಳ್ಕೊಡ್ತೀಯಾ ಅಂತ ಕೇಳಿದ್ರಲ್ಲ, ಅದು ನನ್ನ ಕೈಲಿ ಆಗಲ್ಲ. ಕಾಲೇಜಿಂದ ಬಂದ ಮೇಲೆ ಉಳಿಯೋ ಹೊತ್ತು ಮನೆಗೇ ಬೇಕು. ಫೀಸು ಕೊಡ್ತೀವಿ ಅಂದ್ರೂ ಇದೇ ಉತ್ತರ, ದುಡ್ಡಿನ ವಿಚಾರ ಅಂತ ತಿಳ್ಕೋಬೇಡಿ. ಅರೆಮನಸ್ಸಿಂದ ಒಪ್ಕೊಂಡ್ರೆ ವಾರದಲ್ಲಿ ಎರಡು ದಿನ ತಪ್ಪುತ್ತೆ. ಕೇಳೋಕೆ ನಿಮಗೆ ಸಂಕೋಚ, ಹೇಳೋಕೆ ನನಗೆ ಸಂಕೋಚ, ಅಷ್ಟರಲ್ಲಿ ಹುಡುಗನ ಎಂಟನೇ ಕ್ಲಾಸೇ ಮುಗಿದಿರುತ್ತೆ.

ನೀವು ತೋರಿಸಿದ ಟೆಸ್ಟ್ ಪೇಪರ್ ನೋಡಿದ್ರೆ ಅವನಿಗೆ ದಿನಾ ಟ್ಯೂಷನ್ ಬೇಕಿಲ್ಲ. −7 − 5 ಅನ್ನೋದಕ್ಕೆ +12 ಅಂತ ಬರೆದಿದ್ದಾನೆ. ‘ಮೈನಸ್ಸು ಮೈನಸ್ಸು ಪ್ಲಸ್ಸು’ ಅನ್ನೋದು ಗುಣಾಕಾರದ ನಿಯಮ, ಅದನ್ನ ತಂದು ಇಲ್ಲಿ ಹಾಕಿದ್ದಾನೆ, ಬರಬೇಕಾಗಿದ್ದು −12. 2/3 + 1/4 ಕ್ಕೆ 3/7 ಬರೆದಿದ್ದಾನೆ, ಅಂದ್ರೆ ಮೇಲಿಂದು ಮೇಲೆ, ಕೆಳಗಿಂದು ಕೆಳಗೆ ಕೂಡಿದ್ದಾನೆ. ಛೇದ ಎರಡನ್ನೂ 12 ಮಾಡ್ಕೊಂಡ್ರೆ 8/12 + 3/12, ಉತ್ತರ 11/12. 3x + 5 = 20 ರಲ್ಲಿ 3x = 25 ಮಾಡಿದ್ದಾನೆ; ಎರಡೂ ಕಡೆಯಿಂದ 5 ಕಳೀಬೇಕು ಅನ್ನೋದು ಗೊತ್ತಿದ್ರೆ 3x = 15 ಆಗಿ x = 5 ಬರ್ತಿತ್ತು. ಈ ತಪ್ಪುಗಳ ಬೇರು ಆರನೇ, ಏಳನೇ ಕ್ಲಾಸಲ್ಲಿದೆ. ಎಂಟನೇ ಕ್ಲಾಸಿನ ಹೋಂವರ್ಕ್ ಮಾತ್ರ ಮಾಡಿಸೋ ಟ್ಯೂಷನ್‌ಗೆ ಹಾಕಿದ್ರೆ ನೋಟ್‌ಬುಕ್ ತುಂಬುತ್ತೆ, ತಪ್ಪು ಹಾಗೇ ಇರುತ್ತೆ.

ಮೊದಲು ಅವನ ಸ್ಕೂಲಲ್ಲೇ ಕೇಳಿ. ಶನಿವಾರ ಬೆಳಗಿನ ಕ್ಲಾಸ್ ಬಿಟ್ಟ ಮೇಲೆ ಹೋಗಿ, ಇದೇ ಪೇಪರ್ ಗಣಿತದ ಮೇಷ್ಟ್ರಿಗೆ ತೋರಿಸಿ, ಹಿಂದುಳಿದ ಮಕ್ಕಳಿಗೆ ಮಾಡೋ ಪರಿಹಾರ ಬೋಧನೆ ಇದೆಯಾ ಅಂತ ವಿಚಾರಿಸಿ. ‘ಮಾರ್ಕ್ಸ್ ಕಮ್ಮಿ ಬಂದಿದೆ ಸಾರ್’ ಅಂದ್ರೆ ‘ಓದಿಸಿ’ ಅಂತಾರೆ ಅಷ್ಟೇ. ಭಿನ್ನರಾಶಿ ಬರ್ತಿಲ್ಲ, ಋಣಸಂಖ್ಯೆ ಬರ್ತಿಲ್ಲ ಅಂತ ಹೆಸರಿಟ್ಟು ಹೇಳಿ. ಸರ್ಕಾರಿ ಹೈಸ್ಕೂಲ್ ಆಗಿರೋದ್ರಿಂದ ಎನ್‌ಎಂಎಂಎಸ್ ಪರೀಕ್ಷೆಗೆ ತಯಾರಿ ಮಾಡಿಸ್ತಾರಾ ಅಂತಲೂ ಕೇಳಿ. ಎಂಟನೇ ಕ್ಲಾಸಲ್ಲಿ ಬರೆಯೋ ಪರೀಕ್ಷೆ ಅದು, ಆಯ್ಕೆಯಾದ್ರೆ ಒಂಬತ್ತರಿಂದ ಪಿಯುಸಿ ಮುಗಿಯೋವರೆಗೆ ವರ್ಷಕ್ಕೆ 12,000 ರೂಪಾಯಿ ಸ್ಕಾಲರ್‌ಶಿಪ್ ಸಿಗುತ್ತೆ.

ಅದಾಗದಿದ್ರೆ ಸೈನ್ಸ್ ಕಾಲೇಜಲ್ಲಿ ಬಿಎಸ್ಸಿ ಗಣಿತ ಓದೋ ಹುಡುಗ ಹುಡುಗಿಯರನ್ನ ವಿಚಾರಿಸಿ. ನನ್ನ ಪ್ರಕಾರ ಧನುಷ್‌ಗೆ ಹೊಂದೋದು ಇದೇ: ವಾರಕ್ಕೆ ಮೂರು ದಿನ, ಒಂದೊಂದು ಗಂಟೆ, ನಿಮ್ಮ ಮನೇಲೇ. ಪಕ್ಕದ ಕ್ರಾಸಿನ ಇನ್ನೊಬ್ಬ ಎಂಟನೇ ಕ್ಲಾಸ್ ಹುಡುಗನನ್ನ ಸೇರಿಸ್ಕೊಂಡ್ರೆ ಖರ್ಚು ಅರ್ಧ. ಬ್ಯಾಚ್ ಟ್ಯೂಷನ್‌ಗೇ ಸೇರಿಸೋದಾದ್ರೆ ಒಂದು ಬ್ಯಾಚಲ್ಲಿ ಎಷ್ಟು ಮಕ್ಕಳು, ಹಳೇ ಕ್ಲಾಸಿನ ಪಾಠ ಹೇಳ್ತಾರಾ ಅಂತ ಮೊದಲೇ ಕೇಳಿ. ಹತ್ತಕ್ಕಿಂತ ಜಾಸ್ತಿ ಇದ್ರೆ ಬೇಡ, ಇವನು ಹಿಂದಿನ ಸಾಲಲ್ಲಿ ಕೂತು ಬೋರ್ಡ್ ನೋಡಿ ಬರ್ಕೊಂಡು ಬರ್ತಾನೆ. ಫೀಸು ತಿಂಗಳು ತಿಂಗಳು ಕಟ್ಟಿ, ವರ್ಷದ್ದು ಒಟ್ಟಿಗೆ ಕೊಡಬೇಡಿ.

ಅಲ್ಲಿವರೆಗೆ ಮನೇಲಿ ದಿನಾ ಇಪ್ಪತ್ತೈದು ನಿಮಿಷ ಸಾಕು. ನಿಮಗೆ ಗಣಿತ ಬರಲೇಬೇಕು ಅಂತಿಲ್ಲ. ಪುಸ್ತಕದಲ್ಲಿ ಮಾಡಿ ತೋರಿಸಿರೋ ಉದಾಹರಣೆ ಲೆಕ್ಕದ ಉತ್ತರ ಮುಚ್ಚಿಟ್ಟು ಅವನ ಕೈಲಿ ಮಾಡಿಸಿ, ಆಮೇಲೆ ಸಾಲು ಸಾಲಾಗಿ ತಾಳೆ ನೋಡ್ಕೊಳ್ಳಲಿ. ದಿನಕ್ಕೆ ಐದೇ ಲೆಕ್ಕ. ತಪ್ಪಾಗಿದ್ದನ್ನ ರಬ್ಬರಲ್ಲಿ ಅಳಿಸೋಕೆ ಬಿಡಬೇಡಿ, ಸುತ್ತ ಗೆರೆ ಎಳೆದಿಟ್ಟು ಮೂರನೇ ದಿನಕ್ಕೆ ಅದನ್ನೇ ಮತ್ತೆ ಕೊಡಿ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇರುತ್ತೆ, ಫೋನಲ್ಲಿ ದೀಕ್ಷಾ ಆ್ಯಪ್ ಹಾಕ್ಕೊಂಡು ಸ್ಕ್ಯಾನ್ ಮಾಡಿದ್ರೆ ಪಾಠದ ವಿಡಿಯೋ ಪುಕ್ಕಟೆ ಸಿಗುತ್ತೆ. ಆದ್ರೆ ಫೋನ್ ನಿಮ್ಮ ಕೈಲೇ ಇರಲಿ, ಎರಡು ವಿಡಿಯೋ ಆದ್ಮೇಲೆ ಅವನು ಎಲ್ಲಿಗೆ ಹೋಗ್ತಾನೆ ಅಂತ ಇಬ್ಬರಿಗೂ ಗೊತ್ತು.

ನನ್ನ ಕೈಲಾಗೋದು ಇಷ್ಟು. ಈ ಭಾನುವಾರ ಬೆಳಿಗ್ಗೆ ಹತ್ತರಿಂದ ಹತ್ತೂಮುಕ್ಕಾಲರವರೆಗೆ ಒಂದು ಸಲ ಕೂರಿಸ್ಕೊಂಡು ಇಪ್ಪತ್ತು ಲೆಕ್ಕ ಕೊಟ್ಟು ನೋಡ್ತೀನಿ. ಏನು ಬರುತ್ತೆ, ಏನು ಬರಲ್ಲ, ಯಾವುದರಿಂದ ಶುರು ಮಾಡಬೇಕು ಅಂತ ಒಂದು ಹಾಳೇಲಿ ಬರ್ದು ಕೊಡ್ತೀನಿ; ಯಾರು ಹೇಳ್ಕೊಡ್ತಾರೋ ಅವರಿಗೆ ಅದನ್ನ ಕೊಡಿ. ಅದಾದ್ಮೇಲೆ ನನ್ನನ್ನ ಲೆಕ್ಕಕ್ಕೆ ಇಟ್ಕೋಬೇಡಿ. ಬರುವಾಗ ಏಳನೇ ಕ್ಲಾಸಿನ ಗಣಿತದ ಪುಸ್ತಕ, ಈ ವರ್ಷದ ಟೆಸ್ಟ್ ಪೇಪರುಗಳು, ಒಂದು ಖಾಲಿ ನೋಟ್‌ಬುಕ್ ತರಲಿ. ಕ್ಯಾಲ್ಕುಲೇಟರ್ ಬೇಡ.

ಭಾನುವಾರ ಆಗುತ್ತಾ ಇಲ್ವಾ ಅಂತ ಶುಕ್ರವಾರ ರಾತ್ರಿಯೊಳಗೆ ಒಂದು ಮೆಸೇಜ್ ಹಾಕಿ.

ಸುಮಾ, ಎದುರು ಮನೆ